ಆಜೀವ ನಿವಾಸಿ

ವಕೀಲರ ಆಫೀಸಿನಲ್ಲಿ ಅವಳನ್ನು ಎಲ್ಲರೂ ಜರಡಿ ಅಂತಲೇ ಕರೆಯುತ್ತಿದ್ದರು. ಯಾವ ಪತ್ರವೂ ಅವಳ ಕಣ್ಣಿನಿಂದ ಸೋಸದೆ ಸಹಿಗೆ ಹೋಗುತ್ತಿರಲಿಲ್ಲ. ಹೆಸರು ಕೊಂಕಿನದೇ ಆದರೂ ಒಳಗೊಳಗೇ ಅವಳಿಗೆ ಅದರ ಮೇಲೆ ಹೆಮ್ಮೆಯಿತ್ತು. ಹೆಮ್ಮೆ ಇದ್ದಲ್ಲಿ ಉದಾಸೀನ ಬರುವುದಕ್ಕೆ ಎಷ್ಟು ಹೊತ್ತು ಬೇಕು ಹೇಳಿ!

ಆವತ್ತು ಬೆಳಿಗ್ಗೆ ಮೇಜಿನ ಮೇಲಿದ್ದದ್ದು ಒಂದು ಹಕ್ಕು ಬಿಡುಗಡೆ ಪತ್ರ. ಮದುವೆಯಾಗದೆ ಉಳಿದ ಅತ್ತೆಯೊಬ್ಬರು, ಅಪ್ಪನಿಂದ ಬಂದ ಮನೆಯಲ್ಲಿ ತಮಗಿದ್ದ ಪಾಲನ್ನು ಅಣ್ಣನ ಮಗನಿಗೆ ಬಿಟ್ಟುಕೊಡುತ್ತಿದ್ದರು. ಮಧ್ಯಾಹ್ನ ಸಹಿ. ಜರಡಿ ಎಂದಿನಂತೆ ಎರಡನೇ ಕಲಮಿನಿಂದ, ಅಂದರೆ ಯಾವ ಪದಕ್ಕೆ ಯಾವ ಅರ್ಥ ಎಂದು ಹೇಳುವ ವ್ಯಾಖ್ಯೆಗಳಿಂದ ಶುರು ಮಾಡಿದಳು. ಒಂದೊಂದೇ ಪದ ಎತ್ತಿಕೊಂಡು ಮುಂದಿನ ಕಲಮುಗಳಲ್ಲೆಲ್ಲ ಹುಡುಕುವುದು ಅವಳ ಪದ್ಧತಿ.

‘ಆಜೀವ ನಿವಾಸಿ’ ಎಂದರೆ ಆ ಅತ್ತೆ. ಅವರ ಹೆಸರು, ಅವರ ತಂದೆಯ ಹೆಸರು, ‘ನೆಲಮಹಡಿ ಭಾಗದಲ್ಲಿ ವಾಸವಿರುವವರು’ ಎಂಬ ವಿವರ. ಮುಂದೆ ಪತ್ರದಲ್ಲೆಲ್ಲೂ ಆ ಪದ ಇಲ್ಲ. ‘ನೆಲಮಹಡಿ ಭಾಗ’ ಒಂದು ಕಡೆ ಸಿಕ್ಕಿತು, ಆದರೆ ಅದೂ ‘ಆಜೀವ ನಿವಾಸಿ’ಯ ವ್ಯಾಖ್ಯೆಯೊಳಗೇ. ಮೊದಲನೆಯದು ಹೋದರೆ ಎರಡನೆಯದಕ್ಕೂ ಕೆಲಸವಿಲ್ಲ. ಎರಡನ್ನೂ ಹೊಡೆದುಹಾಕಿ ಪಕ್ಕದಲ್ಲಿ ‘ಬಳಕೆಯಿಲ್ಲ’ ಎಂದು ಬರೆದಳು.

ಆಮೇಲೆ ತಲೆಕೆಳಗಾಗಿ ಓದಿದಳು, ಕೊನೆಯ ಕಲಮಿನಿಂದ ಮೊದಲಿಗೆ. ಆರನೆಯದರಲ್ಲಿ ‘ತೆರವು ದಿನ’ ಅಂತಿತ್ತು. ಅದು ಯಾವ ದಿನ ಎಂದು ವ್ಯಾಖ್ಯೆಯಲ್ಲಿ ಇರಲಿಲ್ಲ. ವಕೀಲರನ್ನು ಕೇಳಿದಳು, ಅವರು ಅಣ್ಣನ ಮಗನಿಗೆ ಫೋನ್ ಮಾಡಿ, ಸಹಿಯಾದ ಮೂರನೆಯ ತಿಂಗಳ ಕೊನೆಯ ದಿನ ಎಂದು ಬರೆಸಿದರು. ಇನ್ನು ‘ಖಾಲಿ ಸ್ವಾಧೀನ’ ಎಂಬ ಪದ ವ್ಯಾಖ್ಯೆಗಳ ಅಕಾರಾದಿ ಸಾಲು ಬಿಟ್ಟು ‘ಹಕ್ಕುದಾರ’ನ ಕೆಳಗೆ, ಕಟ್ಟಕಡೆಗೆ, ಅಂಟಿಕೊಂಡು ಕೂತಿತ್ತು. ಎತ್ತಿ ‘ಕರಾರಿ’ನ ಕೆಳಗೆ ಕೂರಿಸಿದಳು.

“ಏನಮ್ಮ, ಮುಗೀತಾ?”

“ಚೊಕ್ಕ ಆಯ್ತು ಸರ್.”

ಇದೇ ವಕೀಲರು ಅವಳಿಗೆ ಮೊದಲ ವರ್ಷ ಕಲಿಸಿದ್ದೇನು? ಬಳಕೆಯಿಲ್ಲದ ಪದ ಕಂಡರೆ ಹೊಡೆಯುವ ಮುಂಚೆ ಕೇಳು, ಇದು ಕಸವೋ, ಇಲ್ಲ ಇದರ ಕಲಮು ಎಲ್ಲಾದರೂ ಬಿದ್ದುಹೋಗಿದೆಯೋ. ಎಷ್ಟೋ ತಿಂಗಳಿಂದ ಅವಳು ಕೇಳುವುದನ್ನು ಬಿಟ್ಟಿದ್ದಳು. ಕೇಳಿದರೆ ವಕೀಲರಿಗೂ ರೇಗುತ್ತಿತ್ತೆನ್ನಿ.

ಮಧ್ಯಾಹ್ನ ಅತ್ತೆ ಬಂದರು. ತೆಳ್ಳಗಿನ ಹೆಂಗಸು, ಕನ್ನಡಕ ಕೈಯಲ್ಲೇ ಹಿಡಿದುಕೊಂಡಿದ್ದರು. ಅಣ್ಣನ ಮಗ ಅವರಿಗೆ ಕುರ್ಚಿ ಎಳೆದುಕೊಟ್ಟ, ಫ್ಯಾನು ಜೋರು ಮಾಡಿಸಿದ, ನೀರು ತರಿಸಿದ. ಅಷ್ಟು ಉಪಚಾರ ನೋಡಿದರೆ ಯಾರಿಗಾದರೂ ಸಂಶಯ ಬರಬೇಕು. ಅತ್ತೆ ಕನ್ನಡಕ ಏರಿಸಿ ಮೊದಲ ಹಾಳೆಯ ಮೇಲೆ ಬೆರಳಾಡಿಸಿದರು, ಮತ್ತೆ ಮೇಲಿನಿಂದ ಆಡಿಸಿದರು.

“ಮೊನ್ನೆ ಮನೆಗೆ ಕಳಿಸಿದ್ರಲ್ಲ, ಅದರಲ್ಲಿ ಇಲ್ಲೇ ಮೇಲ್ಗಡೆ ಇತ್ತು. ಆಜೀವ ನಿವಾಸಿ ಅಂತ, ಮುಂದೆ ನನ್ನ ಹೆಸರು. ಈಗ ಕಾಣ್ತಿಲ್ಲವಲ್ಲ?”

ಅಣ್ಣನ ಮಗ ವಕೀಲರ ಮುಖ ನೋಡಿದ. ವಕೀಲರು ಎದ್ದು ಬಾಗಿಲು ಎಳೆದುಕೊಂಡು ಹೊರಗೆ ಜರಡಿಯ ಮೇಜಿನ ಹತ್ತಿರ ಬಂದರು.

“ಯಾರು ತೆಗೆದದ್ದು ಅದನ್ನ?”

“ನಾನೇ ಸರ್. ಎಲ್ಲೂ ಬಳಕೆ ಇರ್ಲಿಲ್ಲ.”

“ಅತಿಬುದ್ಧಿ! ಇದ್ದ ಹಾಗೆ ವಾಪಸ್ ಹಾಕಿ ಪ್ರಿಂಟ್ ತಗೊಂಡು ಬಾ, ಬೇಗ.”

ಇದ್ದ ಹಾಗೆ ಹಾಕಬೇಕೆಂದರೆ ಹಳೆಯ ಕರಡು ಬೇಕು. ಅವಳು ಅತ್ತೆಯ ಮನೆಗೆ ಹೋಗಿದ್ದ ಕರಡನ್ನೇ ತೆರೆದಳು. ಅಲ್ಲಿ ಆರನೇ ಕಲಮು ಬೇರೆಯೇ ಇತ್ತು: ಆಜೀವ ನಿವಾಸಿಯು ತಮ್ಮ ಜೀವಮಾನವಿಡೀ ನೆಲಮಹಡಿ ಭಾಗದಲ್ಲಿ ವಾಸಿಸಬಹುದು, ಅವರನ್ನು ಯಾರೂ ಎಬ್ಬಿಸತಕ್ಕದ್ದಲ್ಲ. ಈಗಿನ ಕರಡಿನ ಆರನೇ ಕಲಮು: ತೆರವು ದಿನದೊಳಗೆ ಇಡೀ ಮನೆಯ ಖಾಲಿ ಸ್ವಾಧೀನವನ್ನು ಹಕ್ಕುದಾರನಿಗೆ, ಅಂದರೆ ಅಣ್ಣನ ಮಗನಿಗೆ, ಒಪ್ಪಿಸತಕ್ಕದ್ದು.

ಬೆಳಿಗ್ಗೆ ಮೂರು ಕಡೆ ಪತ್ರ ಅವಳನ್ನು ಕೈಹಿಡಿದು ಎಳೆದಿತ್ತು. ಬಳಕೆಯಿಲ್ಲದ ಪದಗಳು ಏನೋ ಕಿತ್ತಿದ್ದಾರೆ ಎಂದಿದ್ದವು. ಸಾಲು ತಪ್ಪಿದ ಪದ, ಅರ್ಥವಿಲ್ಲದ ‘ತೆರವು ದಿನ’, ಎರಡೂ ಏನೋ ಆಮೇಲೆ ತುರುಕಿದ್ದಾರೆ ಎಂದಿದ್ದವು. ಅವಳು ಮೂರನ್ನೂ ಗುಡಿಸಿ ಒರೆಸಿ, ಆ ಮುದುಕಿಯನ್ನು ಹೊರಹಾಕುವ ದಿನವನ್ನೂ ತಾನೇ ಕೇಳಿ ಬರೆದುಕೊಟ್ಟಿದ್ದಳು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ವಕೀಲರು ಮತ್ತೆ ಬಂದರು. ಅವಳು ಪರದೆ ತೋರಿಸಿದಳು.

“ಸರ್, ಅವರು ಇರೋ ಕಲಮೇ ಇಲ್ಲ ಈಗ. ಅವರಿಗೆ ಗೊತ್ತಾ?”

“ಮನೆಯವರು ಮಾತಾಡಿಕೊಂಡಿದ್ದಾರಂತೆ. ಹುಡುಗ ಹೇಳಿದ.”

“ಹುಡುಗ ಹೇಳಿದ. ಅವರು ಹೇಳಿದ್ರಾ?”

ವಕೀಲರು ದನಿ ತಗ್ಗಿಸಿದರು. “ನೋಡಮ್ಮ, ಆಕೆಗೆ ಬೇಕಾಗಿರೋದು ತನ್ನ ಹೆಸರು ಕಾಣೋದು. ಹೆಸರು ಹಾಕು. ಹಾವೂ ಸಾಯ್ಲಿ, ಕೋಲೂ ಮುರೀದೆ ಇರ್ಲಿ.”

ಹಾವು ಯಾರು, ಕೋಲು ಯಾರದ್ದು ಎಂದು ಕೇಳುವ ಧೈರ್ಯ ಅವಳಿಗೆ ಬರಲಿಲ್ಲ. ಈ ಕೆಲಸ ಹೋದರೆ ಇನ್ನೊಂದು ಆಫೀಸಿನವರು ಕರೆಯುವ ಮುಂಚೆ ಇಲ್ಲಿಗೆ ಫೋನ್ ಮಾಡಿ ವಿಚಾರಿಸುತ್ತಾರೆ, ಅದು ಅವಳಿಗೆ ಗೊತ್ತು. ಹೆಸರು ಹಾಕಿದಳು. ‘ನೆಲಮಹಡಿ ಭಾಗ’ವನ್ನೂ ಅದರ ಜಾಗದಲ್ಲೇ ಇಟ್ಟಳು. ವ್ಯಾಖ್ಯೆ ಹೇಳುವುದು ಯಾರು, ಯಾವುದು ಎಂಬುದನ್ನಷ್ಟೇ. ಅದನ್ನು ಬಳಸುವ ಕಲಮು ಇಲ್ಲದಿದ್ದರೆ ಅದರಿಂದ ಯಾರಿಗೂ ಒಂದು ಚಾಪೆಯಗಲದ ಜಾಗವೂ ಸಿಗುವುದಿಲ್ಲ. ಇದನ್ನು ಅವಳಷ್ಟು ಚೆನ್ನಾಗಿ ಬಲ್ಲವರು ಆ ಕಟ್ಟಡದಲ್ಲಿ ಇನ್ನೊಬ್ಬರೇ ಇದ್ದರು, ಅವರೇ ಹಾಕು ಅಂದವರು. ಪ್ರಿಂಟರಿನಿಂದ ಬಂದ ಹಾಳೆ ಬೆಚ್ಚಗಿತ್ತು. ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು.

ಒಳಗೆ ಅತ್ತೆ ಹಾಳೆ ತೆಗೆದುಕೊಂಡು ಹೆಸರಿನ ಮೇಲೆ ಬೆರಳಿಟ್ಟರು. ಮುಖ ಅರಳಿತು.

“ಇದೇ ನೋಡು. ಸುಮ್ನೆ ಹೆದರಿಬಿಟ್ಟಿದ್ದೆ. ಇವನು ಎರಡು ವರ್ಷದವನಿದ್ದಾಗಿಂದ ಎತ್ತಿ ಆಡಿಸಿದವಳು ನಾನು, ಇವನ ಮೇಲೆ ಅನುಮಾನ ಪಟ್ಟೆ ಅಂತ ಯಾರಾದ್ರೂ ಕೇಳಿದ್ರೆ ಏನಂದಾರು!”

“ಇರ್ಲಿ ಬಿಡು ಅತ್ತೆ,” ಎಂದು ಅಣ್ಣನ ಮಗ ಪೆನ್ನಿನ ಮುಚ್ಚಳ ತೆಗೆದು ಕೊಟ್ಟ.

ಅತ್ತೆ ಪೆನ್ನು ಹಿಡಿದು, ಬಾಗಿಲ ಬಳಿ ನಿಂತಿದ್ದ ಜರಡಿಯತ್ತ ತಿರುಗಿದರು. “ನೀನೇ ಏನಮ್ಮ ಇದನ್ನ ನೋಡಿದವಳು? ಎಲ್ಲ ಸರಿಯಾಗಿದೆ ತಾನೆ?”

“ಸರಿಯಾಗಿದೆ, ಸರಿಯಾಗಿದೆ,” ಎಂದರು ವಕೀಲರು.

ಅತ್ತೆ ಅವರತ್ತ ನೋಡಲಿಲ್ಲ. ಜರಡಿಯನ್ನೇ ನೋಡುತ್ತ ಕಾದರು.

“ಅಮ್ಮಾ,” ಎಂದಳು ಜರಡಿ. “ಅದು ನಿಮ್ಮನ್ನ ಏನಂತ ಕರೀತೀವಿ ಅನ್ನೋದು ಅಷ್ಟೇ. ನೀವು ಆ ಮನೇಲಿ ಇರಬಹುದು ಅಂತ ಇದ್ದದ್ದು ಆರನೇ ಕಲಮಲ್ಲಿ. ಅದನ್ನ ತೆಗೆದಿದ್ದಾರೆ. ಮೂರು ತಿಂಗಳಲ್ಲಿ ಮನೆ ಖಾಲಿ ಮಾಡಬೇಕು ಅಂತಿದೆ ಈಗ.”

ಅತ್ತೆ ಹಾಳೆ ಮಗುಚಿ ಆರನೇ ಕಲಮು ಓದಿದರು, ತುಟಿ ಅಲುಗಿಸುತ್ತ, ನಿಧಾನವಾಗಿ. ಅಣ್ಣನ ಮಗ ನೆಲ ನೋಡಿದ.

“ಕಲಮು ತೆಗೆದ್ರು, ಸರಿ,” ಎಂದರು ಅತ್ತೆ ಕೊನೆಗೆ. “ಮತ್ತೆ ಹೆಸರು ಯಾಕೆ ಬಿಟ್ರಿ?”

ವಕೀಲರು ಕೆಮ್ಮಿದರು.

“ಬಿಟ್ಟದ್ದಲ್ಲಮ್ಮಾ,” ಎಂದಳು ಜರಡಿ. “ಬೆಳಿಗ್ಗೆ ತೆಗೆದಿದ್ದೆ. ಈಗ ನಾನೇ ವಾಪಸ್ ಹಾಕಿದೆ, ನೀವು ನೋಡಿ ಸಹಿ ಮಾಡ್ಲಿ ಅಂತ.”

ಅತ್ತೆ ಸಹಿ ಮಾಡದೆ ಅಣ್ಣನ ಮಗನ ಕೈ ಹಿಡಿದು, ಚಿಕ್ಕ ಮಕ್ಕಳ ಬೆರಳು ಬಿಡಿಸುವ ಹಾಗೆ ಬಿಡಿಸಿ, ಅದರಲ್ಲಿ ಪೆನ್ನು ವಾಪಸ್ ಇಟ್ಟರು.