ಬಸಲಿಂಗಮ್ಮನ ಡಬ್ಬಿ

ಬುದ್ಧ ಪೂರ್ಣಿಮೆಯ ಬೆಳಿಗ್ಗೆ ಕೊಟ್ಟೂರಿನ ಮೇಲೆ ಮೋಡ ಕವಿದಿತ್ತು, ಹನಿ ಮಾತ್ರ ಬಿದ್ದಿರಲಿಲ್ಲ. ವಿಮಾ ಏಜೆಂಟ್ ಜಂಬಣ್ಣ ಒಂದು ಖಾಲಿ ಕಾರ್ಡು ಹಿಡಿದು ಏನು ಬರೆಯಲೆಂದು ಯೋಚಿಸುತ್ತಾ ಕೂತಿದ್ದ.

ದೀಪಾವಳಿಗೆ ಆತ ಎಲ್ಲ ಗಿರಾಕಿಗಳಿಗೂ ಒಂದೇ ಲಕ್ಷ್ಮಿ ಕಾರ್ಡು ಕಳಿಸಿದ್ದ. ತೆಲಿಗಿ ಹಳ್ಳಿಯ ಬಸಲಿಂಗಮ್ಮನ ಮನೆಯವರು ಬೌದ್ಧರು. ಮಗಳು ಕ್ರಾಂತಿ, "ಇದು ನಮಗ ಬರೆದದ್ದಲ್ಲ ಬಿಡ್ರಿ" ಅಂದಿದ್ದಳು. ಹೊಸದಾಗಿ ಟೀಚರ್ ಆದ ಆಕೆ ಪಾಲಿಸಿಯನ್ನೂ ಬೇರೆಯವರ ಹತ್ತಿರ ಮಾಡಿಸುವವಳಿದ್ದಳು.

"ನೂರು ಕಾರ್ಡಿಗೆ ಸಹಿ ಹಾಕೋ ಕೈಗೆ ಒಂದು ಬರಿಯಾಕ ಏನಾಗೈತಿ?" ಹೆಂಡತಿ ಎರ್ರಮ್ಮ ನಕ್ಕಳು.

"ಅವರ ಹಬ್ಬದಾಗ ಏನು ಮಾಡ್ತಾರಂತನ ನನಗ ಗೊತ್ತಿಲ್ಲಲೇ."

"ಗೊತ್ತಿಲ್ಲದ ಉಂಡ್ರ್ಯಾ?" ಎರ್ರಮ್ಮ ಗೋಡೆಯ ಮಾಡದಿಂದ ಸ್ಟೀಲ್ ಡಬ್ಬಿ ಇಳಿಸಿದಳು. ಮೇಲೆ ಬಸಲಿಂಗಮ್ಮನ ಹೆಸರು ಕೊರೆದಿತ್ತು. "ಹೋದ ವರ್ಷ ಇದೇ ಹುಣ್ಣಿವಿಗೆ ಇದರಾಗ ಪಾಯಸ ಕೊಟ್ಟು ಕಳಿಸಿದ್ರು. ಹಬ್ಬದ ಡಬ್ಬಿ ಬರಿದಾಗಿ ಕೊಡಬಾರದು" ಎಂದು ಶೇಂಗಾ ಉಂಡಿ ತುಂಬಿದಳು.

ಜಂಬಣ್ಣನ ಪೆನ್ನು ಈಗ ಓಡಿತು.

ತೆಲಿಗಿಯಲ್ಲಿ ಕ್ರಾಂತಿ, ಜಂಬಣ್ಣ ತಂದುಕೊಟ್ಟ ಕಾರ್ಡು ಗಟ್ಟಿಯಾಗಿ ಓದಿದಳು: "ಬಸಲಿಂಗಮ್ಮಾರ, ನಿಮ್ಮ ಹೋದ ವರ್ಷದ ಪಾಯಸ ಉಂಡು ಹಬ್ಬ ಯಾವುದಂತ ನಾ ಕೇಳಲಿಲ್ಲ. ಬುದ್ಧ ಪೂರ್ಣಿಮೆಯ ಶುಭಾಶಯ."

ಆಕೆ ಮತ್ತೊಮ್ಮೆ ಓದಿ, "ಪಾಲಿಸಿ ಫಾರ್ಮು ತಂದೀರೇನ್ರಿ?" ಎಂದಳು.

"ಇವತ್ತು ತಂದಿಲ್ಲವ್ವ. ಹಬ್ಬಕ್ಕ ಬಂದೀನಿ."

ಜಂಬಣ್ಣ ಚೀಲದಿಂದ ಡಬ್ಬಿ ತೆಗೆದು ಬಸಲಿಂಗಮ್ಮನ ಕೈಗಿಟ್ಟ.