ಲಾಡ್ಜಿನ ಖಾತೆಯ ಎಚ್ಚರಿಕೆ

ಕರೆಂಟ್ ಬಂದು ಕಂಪ್ಯೂಟರ್‌ಗಳು ಒಂದೊಂದಾಗಿ ಕಣ್ಣು ತೆರೆದವು. ಒಂದು ಗಂಟೆ ಕಳೆದು ಭವ್ಯಳ ಮೊಬೈಲಿಗೆ ಮೆಸೇಜು ಬಂತು. ಕಂಪ್ಲಿಯ ಚನ್ನಯ್ಯನವರ ಖಾತೆಯಲ್ಲಿ ಖರ್ಚು ಏರಿದೆ ಎಂದಿತ್ತು.

"ಕರೆಂಟ್ ಬಂತು, ನಿನ್ನ ಮೊಬೈಲೂ ಕೂಗ್ತು," ಎಂದು ಪಕ್ಕದ ಕುರ್ಚಿಯ ಗಾದಿಲಿಂಗ ನಕ್ಕ. "ಇವತ್ತೂ ಸಾವ್ಕಾರ್ರ ಕಡಿಂದ ಬೈಸಿಕೊಳ್ತೀಯೇನು?"

ಅವನ ನಗುವಿಗೆ ಕಾರಣವಿತ್ತು. ಹೊಸಪೇಟೆಯ ಬಸ್‌ ನಿಲ್ದಾಣದ ಹಿಂದಿರುವ ಆ ಪುಟ್ಟ ಆಫೀಸು ಇಂಟರ್ನೆಟ್ಟಿನಲ್ಲಿ ಜಾಹೀರಾತು ಹಾಕಿಕೊಡುತ್ತಿತ್ತು. ಚನ್ನಯ್ಯನವರು ರೈಸ್‌ಮಿಲ್ಲಿನ ಯಜಮಾನರು, ಹಂಪಿಯ ಹತ್ತಿರ ಒಂದು ಲಾಡ್ಜೂ ಇಟ್ಟಿದ್ದರು. ಯಾರಾದರೂ ಹುಡುಕಾಟದಲ್ಲಿ ಲಾಡ್ಜಿನ ಜಾಹೀರಾತು ಒತ್ತಿದರೆ ಅವರ ಖಾತೆಯಿಂದ ಹಣ ಹೋಗುತ್ತದೆ. ಸೀಸನ್ನಿನಲ್ಲಿ ಜಾಹೀರಾತು ಮಧ್ಯದಲ್ಲಿ ನಿಲ್ಲಬಾರದೆಂದು ದಿನದ ಮಿತಿಯನ್ನು ಅವರೇ ಎತ್ತರಕ್ಕೆ ಇಡಿಸಿದ್ದರು. ಹಾಗಾಗಿ ತಪ್ಪಾದರೆ ಹಿಡಿಯಲು ಎಚ್ಚರಿಕೆಯ ಮೆಸೇಜು ಬಿಟ್ಟು ಬೇರೆ ದಾರಿಯಿರಲಿಲ್ಲ.

ಮೊದಲಿನ ನಿಯಮ ಸರಳವಾಗಿತ್ತು. ನಿನ್ನೆಗಿಂತ ಕಾಲು ಭಾಗ ಹೆಚ್ಚಾದರೆ ಮೆಸೇಜು ಬರಲಿ, ಅಷ್ಟೆ. ಶುಕ್ರವಾರಕ್ಕಿಂತ ಶನಿವಾರ ಹೆಚ್ಚು ಜನ ಹುಡುಕುತ್ತಾರೆ, ಶನಿವಾರ ಶನಿವಾರ ಕೂಗು. ಬೆಳಗಿನ ಲೋಡ್‌ಶೆಡ್ಡಿಂಗ್‌ನಲ್ಲಿ ಲೆಕ್ಕ ತರುವ ಆಫೀಸಿನ ಕಂಪ್ಯೂಟರ್ ಆರಿರುತ್ತಿತ್ತು, ಅದು ಮುಗಿದ ಮೇಲಂತೂ ಮೂರು ಗಂಟೆಯ ಖರ್ಚು ಒಂದೇ ಗಂಟೆಯ ಲೆಕ್ಕಕ್ಕೆ ಬಂದು ಬೀಳುತ್ತಿತ್ತು. ಎರಡು ಸಲ ಭವ್ಯ ಗಾಬರಿಯಿಂದ ಜಾಹೀರಾತನ್ನೇ ನಿಲ್ಲಿಸಿದ್ದಳು. ಎರಡು ಸಲವೂ ಲಾಡ್ಜಿಗೆ ಬರಬೇಕಿದ್ದವರು ಬೇರೆ ಕಡೆ ಹೋದರು. ಇನ್ನೊಂದು ಸಲ ಹೀಗಾದರೆ ಖಾತೆಯನ್ನು ವಾಪಸು ಪಡೆಯುತ್ತೇನೆಂದು ಚನ್ನಯ್ಯನವರು ಖಡಾಖಂಡಿತವಾಗಿ ಹೇಳಿದ್ದರು. ಆಫೀಸಿಗೆ ಅದೇ ಎಲ್ಲಕ್ಕಿಂತ ದೊಡ್ಡ ಖಾತೆ.

ಆಮೇಲೆ ಭವ್ಯ ನಿಯಮವನ್ನು ಬುಡದಿಂದ ಬದಲಿಸಿದಳು. ಬುಧವಾರದ ಒಂದು ಗಂಟೆಯನ್ನು ಹಿಂದಿನ ಆರು ಬುಧವಾರಗಳ ಅದೇ ಗಂಟೆಗೆ ಹೋಲಿಸುವುದು. ಸರಾಸರಿ ಬೇಡ, ಆರನ್ನೂ ಏರಿಕೆಯ ಕ್ರಮದಲ್ಲಿಟ್ಟು ನಡುವಿನ ಬೆಲೆ ಹಿಡಿಯುವುದು, ಏಕೆಂದರೆ ಉತ್ಸವದ ಒಂದು ವಾರ ಸರಾಸರಿಯನ್ನೇ ಮೇಲಕ್ಕೆ ಎಳೆದುಬಿಡುತ್ತದೆ. ಕರೆಂಟ್ ಹೋಗಿದ್ದರೆ ಹೋದಷ್ಟು ಗಂಟೆಗಳನ್ನೂ ಕೂಡಿಸಿಯೇ ಹೋಲಿಸುವುದು. ಮಾಮೂಲಿ ಏರಿಳಿತದ ಮೂರು ಪಟ್ಟು ದಾಟಿರಬೇಕು, ಕನಿಷ್ಠ ನೂರೈವತ್ತು ರೂಪಾಯಿ ಹೆಚ್ಚಿರಬೇಕು, ಅದೂ ಸತತ ಎರಡು ಸಲ. ಹಳೆಯ ಮೂರು ತಿಂಗಳ ಮೇಲೆ ಓಡಿಸಿ ನೋಡಿದಾಗ, ನಲವತ್ತೊಂದು ಸಲ ಕೂಗಿದ್ದು ಮೂರಕ್ಕೆ ಇಳಿಯಿತು. ನಿಜವಾದ ಒಂದು ತಪ್ಪು ಆ ಮೂರರಲ್ಲೇ ಇತ್ತು.

ಈಗ ಮೊದಲ ಸಲ ಆ ಹೊಸ ನಿಯಮ ಕೂಗಿತ್ತು.

ಆಫೀಸಿನ ಒಡತಿ ಶೈಲಶ್ರೀ ಎದ್ದು ಬಂದಳು. "ಭವ್ಯ, ಇದು ಸುಳ್ಳಾದ್ರ ಈ ಎಚ್ಚರಿಕೆನ ಬಂದ್ ಮಾಡಿಬಿಡ್ತೀನಿ. ಹೇಳು, ಕರೆಂಟಿಂದೇ ತಾನೆ?"

"ಅಲ್ಲರೀ ಮೇಡಂ. ಕರೆಂಟ್ ಹೋದ ಮೂರು ಗಂಟೆಗೆ ಮಾಮೂಲಿ ಇನ್ನೂರ ನಲವತ್ತು, ಇವತ್ತು ಸಾವಿರದ ನೂರೈವತ್ತು. ಕರೆಂಟ್ ಬಂದ ಮ್ಯಾಲಿನ ಒಂದು ಗಂಟೆಗೆ ಎಂಬತ್ತರ ಬದ್ಲಿ ನಾನೂರ ಮೂವತ್ತು. ಎರಡೂ ಸಲ ಹೆಚ್ಚಾಗ್ಯದ."

ಈ ಸಲ ಖಾತೆಯನ್ನು ನಿಲ್ಲಿಸಲು ಭವ್ಯ ಕೈಹಾಕಲಿಲ್ಲ. ಜನ ಹುಡುಕುವ ಯಾವ ಪದಕ್ಕೆ ಹಣ ಹೋಗಿದೆಯೆಂದು ಪಟ್ಟಿ ತೆಗೆದಳು. 'ಹಂಪಿ ರೂಮು' ಎಂಬಂಥ ಪದಗಳ ಖರ್ಚು ಎಂದಿನಂತೆಯೇ ಇತ್ತು. ಅದರ ಕೆಳಗೆ ಬೆಳಿಗ್ಗೆಯಷ್ಟೇ ಸೇರಿದ ಒಂದು ಗುಂಪು: ಲೋಡರ್ ಬಾಡಿಗೆ, ಟಿಪ್ಪರ್ ಬಾಡಿಗೆ. ಗಣಿಯವರು ಯಂತ್ರಗಳಿಗೆ ಮುಗಿಬಿದ್ದಿದ್ದ ಕಾಲ ಅದು. ಸಂಡೂರಿನಲ್ಲಿ ಯಂತ್ರ ಬಾಡಿಗೆಗೆ ಕೊಡುವವರೊಬ್ಬರ ಖಾತೆಯೂ ಇದೇ ಆಫೀಸಿನಲ್ಲಿತ್ತು. ಅಂಥ ಒಂದು ಒತ್ತಿಗೆ ಮೂವತ್ತೈದು ರೂಪಾಯಿ.

"ಗಾದಿಲಿಂಗ, ಸಂಡೂರಿನವರ ಪದಗಳನ್ನ ಮುಂಜಾನೆ ಯಾವ ಖಾತೆಗೆ ಹಾಕಿದಿ?"

ಗಾದಿಲಿಂಗ ತನ್ನ ಪರದೆ ನೋಡಿದ. ಎರಡು ಖಾತೆಗಳೂ ಅಲ್ಲಿ ತೆರೆದಿದ್ದವು. ಅವನ ಮುಖ ಸಣ್ಣದಾಯಿತು. "ಅಯ್ಯೋ, ಕರೆಂಟ್ ಹೋಗೋದ್ರಾಗ ಮುಗಿಸ್ಬೇಕಂತ ಜಲ್ದಿ ಮಾಡಿದ್ನೆಲೇ…"

"ಇರ್ಲಿ ಬಿಡು, ನಾನೂ ಎರಡು ಸಲ ತಪ್ಪಿದೀನಿ," ಎಂದು ಭವ್ಯ ಆ ಗುಂಪೊಂದನ್ನಷ್ಟೇ ನಿಲ್ಲಿಸಿದಳು. ಲಾಡ್ಜಿನ ಜಾಹೀರಾತು ಓಡುತ್ತಲೇ ಇತ್ತು. ನಂತರ ತಾನೇ ಫೋನ್ ಹಚ್ಚಿದಳು.

"ಮತ್ತ ನಿಲ್ಲಿಸಿದ್ಯೇನವ್ವ?" ಚನ್ನಯ್ಯನವರ ದನಿ ಗಡುಸಾಗಿತ್ತು.

"ಇಲ್ರಿ ಸಾವ್ಕಾರ್ರ. ನಿಮ್ಮ ಲಾಡ್ಜಿಂದು ನಡದೈತಿ. ನಮ್ಮ ತಪ್ಪಿಂದ ಲೋಡರ್ ಬಾಡಿಗೆ ಹುಡುಕೋರಿಗೆ ನಿಮ್ಮ ಜಾಹೀರಾತು ಕಾಣಿಸ್ಯದ. ಅದನ್ನಷ್ಟೇ ತೆಗದೀನಿ. ಅದರ ಖರ್ಚು ನಮ್ಮದು." ಶೈಲಶ್ರೀ ಒಪ್ಪಿ ತಲೆಯಾಡಿಸಿದಳು.

ಆ ಕಡೆಯಿಂದ ದೊಡ್ಡ ನಗು. "ಓ, ಅದಕ್ಕನ ಹಂಗಾತು! ಮುಂಜಾನಿಂದ ಮೂರು ಮಂದಿ ಬಾಡಿಗಿ ಎಷ್ಟಂತ ಕೇಳ್ಯಾರ. ರೂಮಿನ ಬಾಡಿಗಿ ಅಂತ ತಿಳಿದು ದಿನಕ್ಕ ಆರುನೂರು, ಬಿಸಿನೀರು ಸೇರಿ ಅಂದೆ. ಒಬ್ಬಾವ ಡ್ರೈವರ್ ಯಾರು ಕೊಡ್ತಾರ್ರಿ ಅಂತ ಬೈದ!"

"ಹಂಗಾದ್ರ ಖಾತೆ…"

"ಇರ್ಲವ್ವ ನಿಮ್ಮ ಹತ್ರನ. ನೋಡಿ ನಿಲ್ಲಿಸೋದು ಕಲ್ತಿ."

ಫೋನಿಟ್ಟಾಗ ಶೈಲಶ್ರೀ ಇನ್ನೂ ಅಲ್ಲೇ ನಿಂತಿದ್ದಳು. "ಉಳಿದ ಖಾತೆಗಳಿಗೂ ಇದನ್ನ ಹಾಕಿಬಿಡು."

"ಹಾಕ್ತೀನ್ರಿ. ಆದ್ರ ಇದೇ ನೂರೈವತ್ತು ಎಲ್ರಿಗೂ ಬ್ಯಾಡ. ಸಂಡೂರಿನವರಿಗೆ ಐದು ಒತ್ತು ಬಿದ್ರ ಅಷ್ಟಾಗ್ತದ. ಒಂದೊಂದು ಖಾತೆದೂ ಆರು ವಾರದ ನಡಿಗಿ ನೋಡಬೇಕು."

"ಎಷ್ಟು ದಿನ ಬೇಕು?"

"ಸೋಮವಾರದೊಳಗ ನಾಲ್ಕು ಮುಗಿಸ್ತೀನಿ," ಎಂದು ಭವ್ಯ ಸಂಡೂರಿನ ಖಾತೆ ತೆರೆದಳು. ಗಾದಿಲಿಂಗ ತನ್ನ ಕುರ್ಚಿಯನ್ನು ಅವಳ ಪಕ್ಕಕ್ಕೆ ಎಳೆದುಕೊಂಡ.