ಹದಿಮೂರು ಮೆಟ್ಟಿಲು, ಎರಡು ಕನ್ನಡಕ

ಅತ್ತೆ ಬಿದ್ದ ಮೂರನೆಯ ದಿನ ನನ್ನ ಗಂಡ ಲೋಹಿತ, ಮಾಳಿಗೆಯ ಮೆಟ್ಟಿಲ ಬುಡದಲ್ಲಿರುವ ತಗಡಿನ ಬಾಗಿಲಿಗೆ ಬೀಗ ಹಾಕಿ ಕೀಲಿಕೈಯನ್ನು ಕಿಸೆಗೆ ಹಾಕಿಕೊಂಡರು.

“ಇನ್ನ ಮ್ಯಾಲ ಹತ್ತೂದ ಬ್ಯಾಡ ಯವ್ವಾ. ವಯಸ್ಸಾತು.”

“ಯಾರಿಗೆ?” ಅಂದರು ಅತ್ತೆ.

ನಮ್ಮೂರು ಹಿರೇಹಂದಿಗೋಳದಲ್ಲಿ ಅತ್ತೆ ದುರಗವ್ವನ ಕೌದಿ ಅಂದರೆ ಎಲ್ಲರಿಗೂ ಗೊತ್ತು. ಹಳೆಯ ಸೀರೆ, ಧೋತರಗಳನ್ನು ಒಂದರ ಮೇಲೊಂದು ಹಾಸಿ ಹೊಲಿಯಬೇಕಾದರೆ ನಾಲ್ಕು ಹೆಂಗಸರು ಕಾಲು ಚಾಚಿ ಕೂರುವಷ್ಟು ಜಾಗ ಬೇಕು, ಬೆಳಕೂ ಬೇಕು. ನಮ್ಮ ಪಡಸಾಲೆಯಲ್ಲಿ ಎರಡೂ ಇಲ್ಲ. ಮಾಳಿಗೆಯಲ್ಲಿ ಎರಡೂ ಇವೆ. ಅಲ್ಲಿ ಶಿಗ್ಲಿಯ ಬಾಣಂತಿಯೊಬ್ಬಳಿಗೆಂದು ಹಿಡಿದ ಕೌದಿ ಅರ್ಧಕ್ಕೆ ನಿಂತಿತ್ತು. ಮೆಟ್ಟಿಲು ಹತ್ತದಿದ್ದರೆ ಅತ್ತೆಯ ಸೂಜಿ ಅಲ್ಲಿಗೇ ನಿಂತಂತೆ.

ಸೂಜಿಗೆ ದಾರ ಪೋಣಿಸಲು ಆಗುತ್ತಿಲ್ಲವೆಂದು ಹೋದ ತಿಂಗಳು ಗದಗಿನಲ್ಲಿ ಹೊಸ ಕನ್ನಡಕ ಮಾಡಿಸಿದ್ದೆವು. ಮೇಲೆ ದೂರದ ನೋಟ, ಕೆಳಗೆ ಓದುವ ನೋಟ, ನಡುವೆ ಒಂದು ಗೆರೆ. ಒಮ್ಮೆ ಹಾಕಿದ ಮೇಲೆ ತೆಗೆಯಬಾರದು, ತೆಗೆದರೆ ಕಣ್ಣು ಕೆಡುತ್ತವೆ ಎಂದು ಓಣಿಯವರೆಲ್ಲ ಹೇಳಿದರು. ಅತ್ತೆ ಸ್ನಾನಕ್ಕೆ ಬಿಟ್ಟರೆ ತೆಗೆಯಲೇ ಇಲ್ಲ. ಮುಗಿಸಿದ ಇನ್ನೊಂದು ಕೌದಿಯ ಗಂಟನ್ನು ಎರಡೂ ಕೈಯಲ್ಲಿ ಅವುಚಿಕೊಂಡು ಮಾಳಿಗೆಯಿಂದ ಇಳಿಯುವಾಗ, ನೆಲ ಬಂತೆಂದು ತಿಳಿದು ಕೊನೆಯ ಮೆಟ್ಟಿಲ ಮೇಲೆ ಇಡಬೇಕಾದ ಕಾಲನ್ನು ಮುಂದಿಟ್ಟರು. ಮೊಣಕಾಲು ತರಚಿತು, ಮುಂಗೈ ಬಾತಿತು. ಆಸ್ಪತ್ರೆಯಲ್ಲಿ ಎಲುಬು ಮುರಿದಿಲ್ಲ ಎಂದರು.

ಅಂದಿನಿಂದ ಲೋಹಿತನದು ಒಂದೇ ಜಪ. ಅತ್ತೆ ಬಚ್ಚಲಿಗೆ ಹೋದರೂ, “ಕೆಳಗ ನೋಡಿ ನಡಿ ಯವ್ವಾ!”

“ಕೆಳಗ ನೋಡೇ ಬಿದ್ದೀನಲೇ!” ಎಂದು ಅತ್ತೆ ಕೂಗಿದರು. ನಾವು ಸಿಟ್ಟಿಗೆ ಅಂದರು ಎಂದುಕೊಂಡೆವು.

ಮರುದಿನ ನಾನು ರೊಟ್ಟಿ ಬಡಿಯುತ್ತಿದ್ದಾಗ ಅಂಗಳದಿಂದ ಕರೆ ಬಂತು. ಹಿಟ್ಟಿನ ಕೈಯಲ್ಲೇ ಹೋದೆ. ಅತ್ತೆ ಮನೆಯ ಮುಂದಿನ ಕಟ್ಟೆಯ ಮೇಲೆ, ಕಂಬ ಹಿಡಿದು ನಿಂತಿದ್ದರು. ಕಟ್ಟೆಗೆ ಎರಡೇ ಮೆಟ್ಟಿಲು. ಅವುಗಳ ಅಂಚಿಗೆ ಒಂದೊಂದು ಕೆಂಪು ಬಟ್ಟೆಯ ಪಟ್ಟಿ ಹಾಸಿದ್ದರು.

“ಸೀಮಾ, ಖರೆ ಹೇಳತೀನಿ ಕೇಳು. ತಲಿ ನೆಟ್ಟಗ ಇಟ್ಟು ಬರೇ ಕಣ್ಣು ಕೆಳಗ ಮಾಡಿದರ ಈ ಕೆಂಪು ಪಟ್ಟಿ ಮಬ್ಬಾಗಿ ತೇಲತಾವ. ಗದ್ದ ಎದಿಗೆ ಹಚ್ಚಿ ನೋಡಿದರ ನೆಟ್ಟಗ ಕಾಣತಾವ. ಮೆಟ್ಟಲೂ ಅವಽ, ಕಣ್ಣೂ ಅವಽ. ಹಂಗಾರ ಕುಣಿಯೋದು ಯಾವುದು?”

“ಚಾಳೀಸರಿ?” ಎಂದು ನಾನು ಅವರ ಕನ್ನಡಕದ ಕಡೆ ನೋಡಿದೆ.

“ಮತ್ತ! ವಯಸ್ಸಂತ, ವಯಸ್ಸು. ನಡಿ, ಗದಗಿಗೆ ಹೋಗೂಣು.”

ಲೋಹಿತ ನಾವಿಬ್ಬರೇ ಹೋಗುವುದಕ್ಕೆ ಒಪ್ಪಲಿಲ್ಲ. ತಾವೂ ಬಂದರು. ಗದಗಿನಲ್ಲಿ ಬಸ್ಸಿಳಿದ ಮೇಲೆ ತಾಯಿಯ ರಟ್ಟೆಯನ್ನು ಬಿಗಿಯಾಗಿ ಹಿಡಿದು, ಜಲ್ದಿ ಜಲ್ದಿ ಎಂದು ಎಳೆದುಕೊಂಡೇ ನಡೆದರು. ಫುಟ್‌ಪಾತಿನಿಂದ ರಸ್ತೆಗೆ ಇಳಿಯುವಲ್ಲಿ, “ಕೆಳಗ ನೋಡು” ಎನ್ನುತ್ತಲೇ ಕಾಲು ಮುಂದಿಟ್ಟರು. ಅತ್ತೆ ಮುಗ್ಗರಿಸಿದರು. ನಾನು ಇನ್ನೊಂದು ಕಡೆ ಹಿಡಿಯದಿದ್ದರೆ ಬಿದ್ದೇ ಬಿಡುತ್ತಿದ್ದರು.

ಅತ್ತೆ ರಟ್ಟೆ ಕೊಡವಿಕೊಂಡರು. “ಬಿಡಲೇ ಕೈ! ನಾ ಏನ ಸಂತಿಗೆ ಹೊಂಟ ಎಮ್ಮಿ ಅಂತ ತಿಳದೀಯೇನು?”

ಬಂಡಿಯವನೊಬ್ಬ ನಕ್ಕ. ಲೋಹಿತನ ಮುಖ ಕೆಂಪಾಯಿತು. ಅತ್ತೆ ಅಂಚಿನಲ್ಲಿ ಪೂರ್ತಿ ನಿಂತರು. ಗದ್ದ ತಗ್ಗಿಸಿ, ಗೆರೆಯ ಮೇಲಿನ ಗಾಜಿನಿಂದ ಅಂಚನ್ನೂ ರಸ್ತೆಯನ್ನೂ ನೋಡಿಕೊಂಡು, ಆಮೇಲೆ ಇಳಿದರು. ಹಿಂದೆ ನಿಂತ ಗಾಡಿಗಳು ಹಾರ್ನ್ ಹೊಡೆದವು. ಹೊಡೆಯಲಿ ಎಂದು ನಾನೂ ಅವರಷ್ಟೇ ನಿಧಾನವಾಗಿ ಇಳಿದೆ.

ಕನ್ನಡಕದ ಅಂಗಡಿಯ ಮುರ್ತುಜಾ ಎಲ್ಲ ಕೇಳಿ ಮೊದಲು ತಲೆ ಕೆರೆದುಕೊಂಡ. “ತಪ್ಪ ನಂದೂ ಐತ್ರಿ ಅವ್ವಾರ. ಕೊಡೋವಾಗನಽ ಹೇಳಬೇಕಿತ್ತು. ಗೆರಿ ಕೆಳಗಿನ ಗಾಜು ಪುಸ್ತಕ ಹಿಡಿಯೋವಷ್ಟು ಹತ್ರಕ್ಕ ಇರತೈತ್ರಿ. ಮೆಟ್ಟಲು ಅದಕ್ಕಿಂತ ದೂರ. ಅದರಾಗಿಂದ ನೋಡಿದರ ಮಬ್ಬಾಗತೈತಿ, ಇದ್ದ ಜಾಗ ಬಿಟ್ಟು ಬ್ಯಾರೆ ಕಡೆ ಕಂಡಂಗ ಆಗತೈತಿ.”

“ಕೇಳಿದೇನಪಾ?” ಎಂದು ಅತ್ತೆ ಮಗನ ಕಡೆ ತಿರುಗಿದರು.

“ಹಂಗಾರ ಗೆರಿ ಇಲ್ಲದ್ದು ಬರತೈತೆಲ್ಲ, ಅದನ್ನ ಕೊಡ್ರಿ,” ಅಂದರು ಲೋಹಿತ.

“ಅದರಾಗೂ ಓದೋ ನೋಟ ಕೆಳಗಽ ಇರತೈತ್ರಿ. ಮತ್ತ ಎರಡೂ ಮಗ್ಗಲಿಗೆ ಸ್ವಲ್ಪ ಸೊಟ್ಟ ಕಾಣತೈತಿ. ಗೆರಿ ಕಾಣಂಗಿಲ್ಲ ಅಷ್ಟ. ಮೆಟ್ಟಲಕ್ಕ ಉಪಯೋಗ ಇಲ್ಲ.”

“ನಡಿಯಾಕ ಬರೇ ದೂರದ್ದು ಮಾಡಿಕೊಡು,” ಅಂದರು ಅತ್ತೆ. “ಹೊಲಿಯಾಕ ಇದು ಇರಲಿ.”

“ಯವ್ವಾ, ಎರಡೆರಡು ಚಾಳೀಸ ಯಾರರ ಹಾಕ್ಕೋತಾರೇನು?”

“ನಿನಗ ಹೊಲಕ್ಕೊಂದು, ಮದುವಿಗೊಂದು ಚಪ್ಪಲಿ ಬೇಕು. ನನಗ ಎರಡು ಚಾಳೀಸ ಇರಬಾರದೇನು?”

ಮುರ್ತುಜಾ ನಗು ತಡೆದುಕೊಂಡು, ಹೊರಗೆ ತಿರುಗಾಡುವವರಿಗೆ ಅವ್ವಾರು ಹೇಳಿದ್ದೇ ಒಳ್ಳೆಯದು ಎಂದ. ಕಣ್ಣಿನ ನಂಬರನ್ನು ಮತ್ತೆ ಪರೀಕ್ಷಿಸಿದ. ಕನ್ನಡಕ ಬದಲಿಸುವುದಾದರೆ ಕುಳಿತೇ ಬದಲಿಸಬೇಕು, ಮೆಟ್ಟಿಲ ನಡುವೆ ಅಲ್ಲ. ಹೊಸದನ್ನು ಮೊದಲೆರಡು ದಿನ ಸಪಾಟು ನೆಲದಲ್ಲಿ ರೂಢಿ ಮಾಡಿಕೊಳ್ಳಬೇಕು ಎಂದೂ ಹೇಳಿದ. ಒಂದು ಕನ್ನಡಕವನ್ನು ಕೊರಳಿಗೆ ಹಾಕಿಕೊಳ್ಳಲು ದಾರ ಕೊಟ್ಟ.

ಹೊಸ ಕನ್ನಡಕ ಕೈಗೆ ಬಂದ ಮೇಲೆ ಅತ್ತೆ ಎರಡು ದಿನ ಅಂಗಳದಲ್ಲೇ ತಿರುಗಾಡಿದರು. ಮೂರನೆಯ ದಿನ ನಾನು ಪಾತ್ರೆ ತೊಳೆಯುತ್ತಿರುವಾಗ ತಗಡಿನ ಬಾಗಿಲ ಮುಂದೆ ನಿಂತು ಕೈ ಚಾಚಿದರು.

“ಕೀಲಿಕೈ ತಾ.”

“ಯವ್ವಾ, ಮತ್ತ ಬಿದ್ದರ?” ಲೋಹಿತನ ದನಿ ಈ ಸಲ ಜಬರದಸ್ತಿನದಾಗಿರಲಿಲ್ಲ. ಅಂಜಿಕೆಯದಾಗಿತ್ತು.

“ಬೀಳಬಾರದಂತ ಅಲ್ಲೇನು ಇಷ್ಟೆಲ್ಲಾ ಮಾಡಿದ್ದು? ಕುಂಡ್ರಿಸಿ ಇಟ್ಟರ ಕಾಲು ಗಟ್ಟಿ ಆಗತಾವೇನು? ತಾ ಇಲ್ಲಿ.”

ಲೋಹಿತ ನನ್ನ ಮುಖ ನೋಡಿದರು. ನಾನು ಪಾತ್ರೆ ತಿಕ್ಕುವುದನ್ನು ನಿಲ್ಲಿಸಿ, “ಕೊಡ್ರಿ” ಅಂದೆ. ಅವರು ಕಿಸೆಯಿಂದ ಕೀಲಿಕೈ ತೆಗೆದು ತಾಯಿಯ ಅಂಗೈಗೆ ಇಟ್ಟರು.

ಅತ್ತೆ ಗೋಡೆಗೆ ಅಂಗೈ ಒತ್ತಿ, ಒಂದೊಂದೇ ಮೆಟ್ಟಿಲು ಹತ್ತಿದರು. ಮೇಲೆ ಹೋದವರು ಐದು ನಿಮಿಷ ಕಾಣಲಿಲ್ಲ. ಆಮೇಲೆ ಮಾಳಿಗೆಯ ಅಂಚಿನಿಂದ, “ಸರಕೋರಿ!” ಎಂಬ ಕೂಗು. ಅದರ ಹಿಂದೆಯೇ ಕೌದಿಯ ಗಂಟು ಅಂಗಳಕ್ಕೆ ದೊಪ್ಪೆಂದು ಬಿತ್ತು. ಧೂಳೆದ್ದಿತು. ಲೋಹಿತ ಹೌಹಾರಿ ಹಿಂದೆ ಸರಿದರು.

ಎರಡೂ ಕೈ ಖಾಲಿ ಮಾಡಿಕೊಂಡು ಅತ್ತೆ ಇಳಿಯತೊಡಗಿದರು. ಪ್ರತಿ ಮೆಟ್ಟಿಲಿಗೂ ಗದ್ದ ತಗ್ಗುತ್ತಿತ್ತು. ಲೋಹಿತ ಬಾಯಿ ತೆರೆದರು, ನಾನು ಕೈಸನ್ನೆ ಮಾಡಿ ಮುಚ್ಚಿಸಿದೆ. ಕೊನೆಯದಾದ ಹದಿಮೂರನೆಯದರ ಮೇಲೆ ಅತ್ತೆ ನಿಂತರು. ಆ ಮೆಟ್ಟಿಲೂ ನೆಲವೂ ಒಂದೇ ಬೂದು ಬಣ್ಣ. ಬಲಗಾಲಿನಿಂದ ನೆಲವನ್ನು ತಡವಿ, ಊರಿ, ಇಳಿದರು. ಕೆಳಗೆ ಬಂದವರು ಮಗನ ಕಿಸೆಯಿಂದಲೇ ಪೆನ್ನು ತೆಗೆದು ಅವರ ಕೈಗೆ ಕೊಟ್ಟರು.

“ಬರಕೋ. ಎಲ್ಲಾ ಮೆಟ್ಟಲ ಅಂಚಿಗೆ ಹಳದಿ ಬಣ್ಣ. ಗ್ವಾಡಿಗೆ ಕಬ್ಬಣದ ಕಂಬಿ. ನನ್ನ ಕೈ ಹಿಡಿಯೋದ ಬಿಡು, ನಾ ಹಿಡಿಯೋದನ್ನ ಹಾಕ್ಸು.”

ಮರುದಿನ ಬೆಸುಗೆಯ ಹನಮಂತ ಅಳತೆಗೆ ಬಂದ. ಎಷ್ಟು ಎತ್ತರ ಎಂದು ಅವನು ಲೋಹಿತನನ್ನು ಕೇಳಿದ. ಉತ್ತರ ಕೊಟ್ಟದ್ದು ಅತ್ತೆ. ಮೆಟ್ಟಿಲ ಮೇಲೆ ನಿಂತು ಕೈಯನ್ನು ಸಹಜವಾಗಿ ಚಾಚಿ, ಗೋಡೆಗೆ ಎಲ್ಲಿ ತಾಗಿತೋ ಅಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆದರು.

“ಕಂಬಿ ಕಡೀ ಮೆಟ್ಟಲಕ್ಕ ಮುಗಸ್ತೀನ್ರಿ ಅವ್ವಾ,” ಎಂದ ಹನಮಂತ.

“ಅಲ್ಲೇ ಮುಗಿಸಿದರ ನಾ ಅಲ್ಲೇ ಬೀಳತೀನಿ. ನೆಲದ ಮ್ಯಾಲ ಕಾಲು ಊರೂ ತನಕ ಬರಲಿ, ಇಲ್ಲೀ ಮಟ,” ಎಂದು ಅತ್ತೆ ಇಳಿದು, ಮೆಟ್ಟಿಲು ಮುಗಿದ ಮೇಲೂ ಒಂದು ಹೆಜ್ಜೆ ಮುಂದೆ ಹೋಗಿ, ಗೋಡೆಯ ಮೇಲೆ ಗುರುತು ಹಾಕಿದರು.